ತೆನೆಯಿಂದ ಹಿಂದಕ್ಕೆ ಎಣಿಸಿ ರಾಗಿ ಬಿತ್ತಿ

ಕೋಲಾರ, ತುಮಕೂರು ಸೀಮೆಯಲ್ಲಿ ರೈತರು ನಾಲ್ಕು ಜನ ಸೇರಿದರೆ ಬರುವ ಮಾತು ಒಂದೇ: ಆರಿದ್ರೆ, ಪುನರ್ವಸು ಮಳೆ ಕೈಕೊಟ್ಟರೆ ರಾಗಿ ಯಾವಾಗ ಬಿತ್ತುವುದು? ಮೊದಲ ಮಳೆಯ ದಿನದಿಂದ ಮುಂದಕ್ಕೆ ಎಣಿಸುವುದು ನಮ್ಮ ವಾಡಿಕೆ. ತೆನೆ ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿದರೆ ದಾರಿ ಸಲೀಸಾಗುತ್ತದೆ.

ಈ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಎಳೆಯ ರಾಗಿ ಪೈರು ಒಣಗಾಳಿಯನ್ನು ಒಂದಷ್ಟು ದಿನ ತಡೆದುಕೊಳ್ಳುತ್ತದೆ. ಹೂವಾಡುವಾಗ, ಕಾಳಿಗೆ ಹಾಲು ತುಂಬುವಾಗ ತೇವ ತಪ್ಪಿದರೆ ತಡೆಯುವುದಿಲ್ಲ, ತೆನೆ ಜೊಳ್ಳಾಗುತ್ತದೆ. ಆ ಹೊತ್ತು ಜೋರು ಮಳೆಯ ಕಾಲಕ್ಕೆ ಕೂಡಿಬರುವಂತೆ ತಳಿ ಆರಿಸಬೇಕು.

ಲೆಕ್ಕ ಹಾಕಿ ನೋಡೋಣ. ಎಂಆರ್-6 ಸುಮಾರು 120 ದಿನದ ತಳಿ, ಹೂವಿಗೆ 80 ದಿನ ಬೇಕು. ಜುಲೈ 15ಕ್ಕೆ ಬಿತ್ತಿದರೆ ಅಕ್ಟೋಬರ್ ಮೊದಲ ವಾರ ಹೂವು, ನವೆಂಬರ್ ನಡುವೆ ಕೊಯ್ಲು. ಅದನ್ನೇ ಆಗಸ್ಟ್ 20ಕ್ಕೆ ಬಿತ್ತಿದರೆ ಹೂವು ಬರುವುದು ನವೆಂಬರ್ ಎರಡನೇ ವಾರ; ಅಷ್ಟರಲ್ಲಿ ಮಳೆ ಹಿಂದೆ ಸರಿದಿರುತ್ತದೆ. ಆಗ ಕೈಹಿಡಿಯುವುದು ಜಿಪಿಯು-48. ಅದು ನೂರು ದಿನದೊಳಗಿನ ತಳಿ, ಆಗಸ್ಟ್ 20ಕ್ಕೆ ಬಿತ್ತಿದರೂ ಅಕ್ಟೋಬರ್ ಮೂರನೇ ವಾರಕ್ಕೆ ತೆನೆ ಹೊರಡುತ್ತದೆ. ನಡುವಿನ ಕಾಲಕ್ಕೆ 110ರಿಂದ 115 ದಿನದ ಜಿಪಿಯು-28 ಇದೆ.

ಹಾಗಾದರೆ ಎಲ್ಲ ವರ್ಷವೂ ಬೇಗ ಬರುವ ತಳಿಯನ್ನೇ ಬಿತ್ತಿದರಾಯಿತಲ್ಲ ಎನ್ನುವವರಿದ್ದಾರೆ. ಅದು ಸರಿಯಲ್ಲ. ಜುಲೈ ಮೊದಲಲ್ಲಿ ಜಿಪಿಯು-48 ಬಿತ್ತಿದರೆ ಅದು ಹಣ್ಣಾಗುವುದು ಅಕ್ಟೋಬರ್ ಮಳೆಯಲ್ಲಿ. ತೆನೆ ಕಪ್ಪಾಗುತ್ತದೆ, ಹುಲ್ಲು ಕೊಳೆಯುತ್ತದೆ. ಒಳ್ಳೆಯ ವರ್ಷದಲ್ಲಿ ಇಳುವರಿಯೂ ಮೇವೂ ದೀರ್ಘಾವಧಿ ತಳಿಯಲ್ಲೇ ಹೆಚ್ಚು.

ಬಿತ್ತುವ ದಿನ ತೀರ್ಮಾನಿಸಲು ಮೋಡ ನೋಡಿದರೆ ಸಾಲದು, ನೆಲ ಅಗೆದು ನೋಡಿ. ಮೇಲಿನ ನಾಲ್ಕು ಬೆರಳಷ್ಟೇ ಒದ್ದೆಯಾಗಿ ಕೆಳಗೆ ಒಣಗಿದ್ದರೆ ಬೀಜ ಮೊಳೆಯುತ್ತದೆ, ಬೇರಿಗೆ ನೀರು ಸಿಗದೆ ಸಸಿ ಒಣಗುತ್ತದೆ. ಒಂದು ಗೇಣು ಆಳದ ಮಣ್ಣನ್ನು ಹಿಡಿಯಲ್ಲಿ ಅದುಮಿದಾಗ ಉಂಡೆ ನಿಂತರೆ ಕೂರಿಗೆ ಹೂಡಬಹುದು. ಬೀಜವನ್ನೂ ಬರಕ್ಕೆ ಹದಮಾಡಬಹುದು: ಕಿಲೋಗೆ ಒಂದು ಲೀಟರ್ ನೀರಿನಲ್ಲಿ ಆರು ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಮೊಳಕೆ ಇಣುಕಿದೊಡನೆ ನೆರಳಲ್ಲಿ ಒಣಗಿಸಿ ಬಿತ್ತಿ.

ಆಗಸ್ಟ್ ದಾಟಿದರೂ ಹದ ಸಿಗದಿದ್ದರೆ ಆ ಹೊಲದಲ್ಲಿ ರಾಗಿಯ ಹಟ ಬೇಡ, ಹುರುಳಿ ಹಾಕಿ. ತಡವಾದ ವರ್ಷ ಬೇಗ ಬರುವ ತಳಿಯ ಬೀಜಕ್ಕೆ ಎಲ್ಲರೂ ಒಟ್ಟಿಗೆ ಓಡಾಡುತ್ತಾರೆ. ಎರಡೂ ಬಗೆಯ ರಾಗಿಬೀಜವನ್ನು ಮೇ ತಿಂಗಳಲ್ಲೇ ಮನೆಯಲ್ಲಿ ತಂದಿಟ್ಟುಕೊಳ್ಳಿ.