ನಿಮಗಿದು ಗೊತ್ತೇ? ಮಂಡಿನೋವಿಗೆ ಜೆಲ್ಲೋ, ಮಾತ್ರೆಯೋ?

ಮಂಡಿ ಸವೆತದ ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ನುಂಗುವ ಡೈಕ್ಲೋಫೆನಾಕ್ ಮಾತ್ರೆ ಎರಡರಲ್ಲೂ ಇರುವುದು ಒಂದೇ ಔಷಧಿ. 50 ಮಿಲಿಗ್ರಾಂನ ಮಾತ್ರೆಯನ್ನು ದಿನಕ್ಕೆ ಮೂರು ಸಲ ನುಂಗಿದರೆ 150 ಮಿಲಿಗ್ರಾಂ ಆಯಿತು. ಶೇ. 1ರ ಜೆಲ್ಲನ್ನು ಒಂದು ಮಂಡಿಗೆ 4 ಗ್ರಾಂನಂತೆ ನಾಲ್ಕು ಸಲ ಹಚ್ಚಿದರೆ 160 ಮಿಲಿಗ್ರಾಂ. ಆದರೂ ಜೆಲ್ಲಿನಿಂದ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಸುಮಾರು ಶೇ. 6 ಮಾತ್ರ! ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆಗಳ ಭಯ ಜೆಲ್ಲಿನಲ್ಲಿ ಕಡಿಮೆ ಇರುವುದು ಇದಕ್ಕೇ.

ಹಾಗಾದರೆ ನೋವು ಇಳಿಯುತ್ತದೆಯೇ? ಚರ್ಮದಡಿಯಲ್ಲೇ ಇರುವ ಮಂಡಿಗೆ ಔಷಧಿ ಇಳಿಯುತ್ತದೆ. ಆಳದಲ್ಲಿರುವ ಸೊಂಟದ ಕೀಲಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಆರರಿಂದ ಹನ್ನೆರಡು ವಾರಗಳ ಪ್ರಯೋಗಗಳಲ್ಲಿ ಜೆಲ್ ಹಚ್ಚಿಕೊಂಡ ಹತ್ತರಲ್ಲಿ ಆರು ಮಂದಿಗೆ ಒಳ್ಳೆಯ ಆರಾಮ ಸಿಕ್ಕಿತು. ಔಷಧಿಯಿಲ್ಲದ ಬರೀ ಜೆಲ್ ಹಚ್ಚಿಕೊಂಡ ಹತ್ತರಲ್ಲಿ ಐವರಿಗೂ ಸಿಕ್ಕಿತು. ಲಾಭ ನಿಜ, ಆದರೆ ಸಣ್ಣದು. ಅಪಾಯವೂ ಸಣ್ಣದಾದ್ದರಿಂದ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಮಂಡಿಗೆ ಮೊದಲು ಜೆಲ್, ಅದು ಸಾಲದಿದ್ದರೆ ಮಾತ್ರೆ ಎನ್ನುತ್ತದೆ.

ಬಹಳ ಮಂದಿ ಎಡವುವುದು ಅಳತೆಯಲ್ಲಿ. ಕಡಲೆಕಾಳಿನಷ್ಟು ತೆಗೆದು ಸವರಿ, ‘ಜೆಲ್ ಹಿಡಿಯಲಿಲ್ಲ’ ಎನ್ನುತ್ತಾರೆ. 4 ಗ್ರಾಂ ಎಂದರೆ ಅಮೆರಿಕದ ಪೆಟ್ಟಿಗೆಯಲ್ಲಿ ಬರುವ ಅಳತೆಪಟ್ಟಿಯ ಮೇಲೆ ನಾಲ್ಕೂವರೆ ಇಂಚಿನ ಗೆರೆ! ಆ ಲೆಕ್ಕದಲ್ಲಿ ಒಂದೇ ಮಂಡಿಗೆ 30 ಗ್ರಾಂ ಟ್ಯೂಬು ಎರಡು ದಿನ ತುಂಬಿ ಬರುವುದಿಲ್ಲ. ನಿಮ್ಮ ಟ್ಯೂಬಿನ ಚೀಟಿ ಹೇಳುವ ಅಳತೆಯನ್ನೇ ಹಿಡಿಯಿರಿ, ಒಂದೆರಡು ಸಲಕ್ಕೇ ತೀರ್ಪು ಕೊಡಬೇಡಿ. ಹಚ್ಚಿದ ಮೇಲೆ ಒಂದು ಗಂಟೆ ತೊಳೆಯದಿರಿ. ಅದರ ಮೇಲೆ ಬಿಸಿನೀರಿನ ಚೀಲ ಇಡುವುದೂ ಬೇಡ, ಬಿಗಿಯಾಗಿ ಪಟ್ಟಿ ಸುತ್ತುವುದೂ ಬೇಡ.

ನಮ್ಮ ಅಂಗಡಿಗಳ ಎಷ್ಟೋ ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಜೊತೆಗೆ ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್ ಕೂಡ ಇರುತ್ತವೆ. ಹಚ್ಚಿದೊಡನೆ ತಣ್ಣಗೆನಿಸುವುದು ಮೆಂಥಾಲಿನಿಂದ. ಔಷಧಿ ಒಳಗಿಳಿದ ಗುರುತಲ್ಲ. ವಾರ್ಫರಿನ್ ನುಂಗುವವರು ಮೀಥೈಲ್ ಸ್ಯಾಲಿಸಿಲೇಟ್ ಇರುವುದನ್ನು ವೈದ್ಯರನ್ನು ಕೇಳದೆ ಹಚ್ಚಬಾರದು, ರಕ್ತ ಇನ್ನಷ್ಟು ತೆಳುವಾದೀತು.

ಹೊಟ್ಟೆಗೆ ತಪ್ಪಿದ ತೊಂದರೆ ಚರ್ಮಕ್ಕೆ ಬರಬಹುದು. ಹಚ್ಚಿದಲ್ಲೇ ಒಣಗಿ, ಸ್ವಲ್ಪ ಕೆಂಪಾಗಿ, ಬಿಟ್ಟೊಡನೆ ಇಳಿದರೆ ಅದು ಬಹುಮಟ್ಟಿಗೆ ಬರೀ ಉರಿತ. ತುರಿಕೆ ಹೆಚ್ಚಿ, ನೀರ್ಗುಳ್ಳೆ ಎದ್ದು, ಹಚ್ಚಿದ ಜಾಗವನ್ನೂ ದಾಟಿ ಹರಡಿದರೆ ಅಲರ್ಜಿ. ಅದು ದಿನಗಟ್ಟಲೆ ಹಚ್ಚಿದ ಮೇಲೂ ಕಾಣಿಸಿಕೊಳ್ಳಬಹುದು. ಜೆಲ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಇದೇ ಬಗೆಯ ಇನ್ನೊಂದು ನೋವಿನ ಜೆಲ್ ಆದ ಕೀಟೋಪ್ರೊಫೆನ್‌ಗೆ ಬಿಸಿಲೇ ಶತ್ರು: ಹಚ್ಚುವಷ್ಟು ದಿನವೂ ಬಿಟ್ಟ ಮೇಲಿನ ಎರಡು ವಾರವೂ ಆ ಚರ್ಮವನ್ನು ಬಟ್ಟೆಯಿಂದ ಮುಚ್ಚಿಡಬೇಕು. ಆಸ್ಪಿರಿನ್ ನುಂಗಿದಾಗ ಉಬ್ಬಸ ಬಂದವರು ಇಂಥ ಯಾವ ಜೆಲ್ಲನ್ನೂ ತಾವಾಗಿ ಹಚ್ಚಿಕೊಳ್ಳಬಾರದು.