ಪ್ಯಾಕಿಂಗ್ ಲೈನಿಗೆ ಸಾಲ: ಬ್ಯಾಂಕಿಗೆ ಬರೆಯುವ ಲೆಕ್ಕದ ಪತ್ರ

ಹೊಸ ಪ್ಯಾಕಿಂಗ್ ಲೈನಿಗಾಗಿ ಸಣ್ಣ ಕೈಗಾರಿಕೆಯೊಂದು ಬ್ಯಾಂಕಿಗೆ ಬರೆಯುವ ಪ್ರಸ್ತಾವನೆ ಪತ್ರದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿರಬೇಕಾದದ್ದು ನಿವ್ವಳ ಪ್ರಸ್ತುತ ಮೌಲ್ಯದ ಲೆಕ್ಕ. ಬ್ಯಾಂಕಿನವರು ಇದನ್ನು ಎನ್‌ಪಿವಿ ಎನ್ನುತ್ತಾರೆ. ಮುಂದಿನ ವರ್ಷಗಳಲ್ಲಿ ಕೈಸೇರುವ ಹಣವನ್ನೆಲ್ಲ ಇಂದಿನ ಬೆಲೆಗೆ ಇಳಿಸಿ, ಅದರಿಂದ ಇಂದು ಹೂಡುವ ಹಣವನ್ನು ಕಳೆದರೆ ಉಳಿಯುವ ಮೊತ್ತವೇ ಎನ್‌ಪಿವಿ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಯಂತ್ರ ತನ್ನ ಖರ್ಚನ್ನೂ ಹೂಡಿದ ಹಣದ ಪ್ರತಿಫಲವನ್ನೂ ದುಡಿದುಕೊಳ್ಳುತ್ತದೆ.

ಉದಾಹರಣೆಗೆ, ಬ್ಯಾಡಗಿಯಲ್ಲಿ ಮೆಣಸಿನಪುಡಿ ತಯಾರಿಸುವ ಒಂದು ಘಟಕವಿದೆ ಎಂದುಕೊಳ್ಳೋಣ. ವರ್ಷಕ್ಕೆ 100 ಗ್ರಾಮಿನ 6 ಲಕ್ಷ ಪೊಟ್ಟಣ ಮಾರುತ್ತದೆ. ಆರು ಜನ ಕೈಯಲ್ಲೇ ತೂಗಿ, ತುಂಬಿ, ಸೀಲ್ ಹಾಕುತ್ತಾರೆ. ಅದರ ಬದಲಿಗೆ ಪುಡಿ ಅಳೆದು, ಪೊಟ್ಟಣ ಮಾಡಿ, ಸೀಲ್ ಹಾಕುವ ಯಂತ್ರ, ಏರ್ ಕಂಪ್ರೆಸರ್ ಮತ್ತು ದಿನಾಂಕ ಮುದ್ರಿಸುವ ಸಾಧನಕ್ಕೆ 18 ಲಕ್ಷ ರೂಪಾಯಿ ಬೇಕು. ಪ್ಯಾಕಿಂಗ್ ಫಿಲ್ಮ್ ದಾಸ್ತಾನಿಗೆ ಇನ್ನೂ 2 ಲಕ್ಷ ತಗಲುತ್ತದೆ. ಒಟ್ಟು 20 ಲಕ್ಷ. ಕಟ್ಟಿದ ಜಿಎಸ್‌ಟಿ ಮಾರಾಟದ ತೆರಿಗೆಗೆ ವಜಾ ಆಗುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಉಳಿತಾಯ ಎರಡು ಕಡೆಯಿಂದ ಬರುತ್ತದೆ. ನಾಲ್ಕು ಜನರ ಕೂಲಿ, ತಿಂಗಳಿಗೆ ತಲಾ 12,500ರಂತೆ, ವರ್ಷಕ್ಕೆ 6 ಲಕ್ಷ. ಎರಡನೆಯದನ್ನು ಹಲವು ಘಟಕಗಳು ಗಮನಿಸುವುದೇ ಇಲ್ಲ: ತೂಕ ಕಡಿಮೆಯಾದರೆ ಕಾನೂನು ಮಾಪನ ಇಲಾಖೆ ದಂಡ ಹಾಕೀತೆಂಬ ಭಯದಿಂದ ಕೈಯಲ್ಲಿ ತುಂಬುವವರು ಪ್ರತಿ ಪೊಟ್ಟಣಕ್ಕೆ ಒಂದೆರಡು ಗ್ರಾಂ ಹೆಚ್ಚೇ ಹಾಕುತ್ತಾರೆ. ಹೀಗೆ ಹೋಗುವುದು ಸರಾಸರಿ 2 ಗ್ರಾಂ, ಯಂತ್ರದಲ್ಲಿ ಅರ್ಧ ಗ್ರಾಂ ಎಂದಿಟ್ಟುಕೊಂಡರೆ ವರ್ಷಕ್ಕೆ 900 ಕಿಲೋ ಪುಡಿ ಉಳಿಯುತ್ತದೆ. ಕಿಲೋಗೆ 250 ರೂಪಾಯಿಯಂತೆ ಅದು 2.25 ಲಕ್ಷ. ಒಟ್ಟು 8.25 ಲಕ್ಷದಲ್ಲಿ ವಿದ್ಯುತ್, ದುರಸ್ತಿ ಮತ್ತು ಯಂತ್ರ ನಡೆಸುವವರ ಹೆಚ್ಚುವರಿ ಸಂಬಳಕ್ಕೆ 1.05 ಲಕ್ಷ, ಆದಾಯ ತೆರಿಗೆಗೆ ಸುಮಾರು 1.2 ಲಕ್ಷ ಕಳೆದರೆ ವರ್ಷಕ್ಕೆ 6 ಲಕ್ಷ ನಗದು ಉಳಿಯುತ್ತದೆ.

ಬ್ಯಾಂಕಿನ ಬಡ್ಡಿ ಶೇ 11 ಇದ್ದರೂ ಮೌಲ್ಯ ಇಳಿಸುವ ದರವನ್ನು ಶೇ 14 ಎಂದು ಹಿಡಿಯುವುದು ಸರಿ. ಹೂಡಿಕೆಯ ಕಾಲು ಭಾಗ ಮಾಲೀಕರ ಸ್ವಂತ ಹಣ, ನಷ್ಟವಾದರೆ ಮೊದಲು ಹೋಗುವುದು ಅದೇ. ಈ ದರದಲ್ಲಿ ಮೊದಲ ವರ್ಷದ 6 ಲಕ್ಷ ಇಂದಿನ 5.26 ಲಕ್ಷಕ್ಕೆ ಸಮ, ಐದನೆಯ ವರ್ಷದ 6 ಲಕ್ಷ 3.12 ಲಕ್ಷಕ್ಕೆ ಮಾತ್ರ. ಐದೂ ವರ್ಷ ಸೇರಿ 20.60 ಲಕ್ಷ. ಕೊನೆಯಲ್ಲಿ ಯಂತ್ರ ಮಾರಿದರೆ 3 ಲಕ್ಷ, ಫಿಲ್ಮ್ ದಾಸ್ತಾನಿನ 2 ಲಕ್ಷ ವಾಪಸು, ಇವೆರಡರ ಇಂದಿನ ಬೆಲೆ 2.60 ಲಕ್ಷ. ಒಟ್ಟು 23.20 ಲಕ್ಷದಿಂದ 20 ಲಕ್ಷ ಕಳೆದರೆ ಎನ್‌ಪಿವಿ 3.20 ಲಕ್ಷ.

ಈ ಲೆಕ್ಕದಲ್ಲಿ ಪದೇ ಪದೇ ಕಾಣುವ ತಪ್ಪು ಒಂದಿದೆ: ವರ್ಷದ 6 ಲಕ್ಷದಿಂದ ಸಾಲದ ಬಡ್ಡಿಯನ್ನೂ ಕಳೆಯುವುದು. ಹಣದ ಬೆಲೆಯನ್ನು ಶೇ 14ರ ದರವೇ ವಸೂಲು ಮಾಡಿರುತ್ತದೆ. ಬಡ್ಡಿಯನ್ನು ಬೇರೆಯಾಗಿ ಕಳೆದರೆ ಎರಡು ಸಲ ಲೆಕ್ಕವಾಗಿ ಒಳ್ಳೆಯ ಯೋಜನೆಯೂ ನಷ್ಟದಂತೆ ಕಾಣುತ್ತದೆ. ಕೂಲಿಯ ಉಳಿತಾಯದಲ್ಲೂ ಎಚ್ಚರ ಬೇಕು. ಬಿಡುವಾದ ನಾಲ್ವರನ್ನು ಬೇರೆ ಕೆಲಸಕ್ಕೆ ಹಾಕಿಕೊಂಡರೆ, ಆ ಕೆಲಸಕ್ಕೆ ಹೇಗೂ ಹೊಸಬರು ಬೇಕಿದ್ದರೆ ಮಾತ್ರ 6 ಲಕ್ಷ ನಿಜವಾದ ಉಳಿತಾಯ.

ಉಳಿತಾಯ 6 ಲಕ್ಷದ ಬದಲು 5 ಲಕ್ಷವಾದರೆ ಏನಾಗುತ್ತದೆಂಬುದನ್ನು ಪತ್ರವೇ ಹೇಳಬೇಕು. ಆಗ ಎನ್‌ಪಿವಿ ಸುಮಾರು 24 ಸಾವಿರ ರೂಪಾಯಿ ಋಣಕ್ಕೆ ಇಳಿಯುತ್ತದೆ. ಅಂದರೆ ವರ್ಷಕ್ಕೆ 5.07 ಲಕ್ಷ ಉಳಿತಾಯವೇ ಗಡಿ, ಲೆಕ್ಕ ಶೇ 15ರಷ್ಟು ತಪ್ಪಿದರೂ ಸಹಿಸುತ್ತದೆ. ಇದನ್ನು ಮುಚ್ಚಿಡುವುದರಿಂದ ಲಾಭವಿಲ್ಲ, ಸಾಲದ ಕಡತ ಪರಿಶೀಲಿಸುವ ಅಧಿಕಾರಿ ಇದೇ ಲೆಕ್ಕವನ್ನು ತಾನೇ ಮಾಡಿ ನೋಡುತ್ತಾನೆ.

ಎನ್‌ಪಿವಿ ಯೋಜನೆಯ ಯೋಗ್ಯತೆ ಹೇಳುತ್ತದೆ, ಕಂತು ಕಟ್ಟುವ ಶಕ್ತಿಯನ್ನು ಹೇಳುವುದಿಲ್ಲ. 15 ಲಕ್ಷ ಸಾಲವನ್ನು ಐದು ವರ್ಷಕ್ಕೆ ಪಡೆದರೆ ಮೊದಲ ವರ್ಷ ಅಸಲು 3 ಲಕ್ಷ, ಬಡ್ಡಿ ಸುಮಾರು 1.5 ಲಕ್ಷ, ಒಟ್ಟು 4.5 ಲಕ್ಷ. ಯಂತ್ರ ತರುವ 6 ಲಕ್ಷ ಅದರ 1.33 ಪಟ್ಟು. ಈ ಅನುಪಾತ 1.25ಕ್ಕಿಂತ ಕೆಳಗಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಪತ್ರದ ಜೊತೆಗೆ ಯಂತ್ರದ ಕೊಟೇಶನ್, ಉದ್ಯಮ್ ನೋಂದಣಿ, ಕೂಲಿ ಪುಸ್ತಕದ ಪ್ರತಿ ಮತ್ತು ಈಗಿನ ಪೊಟ್ಟಣಗಳನ್ನು ಒಂದೊಂದಾಗಿ ತೂಗಿ ಬರೆದ ಪಟ್ಟಿ ಇಡಬೇಕು. 2 ಗ್ರಾಮಿನ ಮಾತಿಗೆ ಆ ಪಟ್ಟಿಯೇ ಆಧಾರ.