ಖಾಲಿ ಬಕೆಟ್ಟಿಗೆ ಬಂದ ಬಿಲ್ಲು

ಅಮೆಜಾನ್ ಕ್ಲೌಡ್‌ನಲ್ಲಿ ಫೈಲುಗಳನ್ನು ಇಡುವ ಜಾಗಕ್ಕೆ ‘ಬಕೆಟ್’ ಎನ್ನುತ್ತಾರೆ. ಎಂಜಿನಿಯರ್ ಒಬ್ಬರು ಪ್ರಯೋಗಕ್ಕೆಂದು ಒಂದು ಬಕೆಟ್ ತೆರೆದು, ಬೇರೆ ಕೆಲಸದಲ್ಲಿ ತೊಡಗಿದರು. ಎರಡು ದಿನ ಬಿಟ್ಟು ನೋಡಿದರೆ 1,300 ಡಾಲರಿಗೂ ಹೆಚ್ಚಿನ ಬಿಲ್ಲು! ಬಕೆಟ್ ಮಾತ್ರ ಬಹುಮಟ್ಟಿಗೆ ಖಾಲಿ.

ಎಷ್ಟೋ ಕಂಪನಿಗಳು ಬಳಸುವ ಒಂದು ತಂತ್ರಾಂಶ, ಬ್ಯಾಕಪ್ಪನ್ನು ಅದೇ ಹೆಸರಿನ ಬಕೆಟ್ಟಿಗೆ ಕಳಿಸಲು ಯತ್ನಿಸುತ್ತಿತ್ತು. ಹೆಸರು ಕಾಕತಾಳೀಯವಾಗಿ ಒಂದೇ ಆಗಿತ್ತು. ಒಂದೇ ದಿನದಲ್ಲಿ ಸುಮಾರು ಹತ್ತು ಕೋಟಿ ಕೋರಿಕೆಗಳು ಬಂದವು. ಎಲ್ಲವೂ ತಿರಸ್ಕೃತವಾದವು, ಆದರೆ ತಿರಸ್ಕರಿಸಿದ್ದಕ್ಕೂ ಆಗ ಶುಲ್ಕವಿತ್ತು. ಇದನ್ನು ಅವರು 2024ರ ಏಪ್ರಿಲ್‌ನಲ್ಲಿ ಬಹಿರಂಗಪಡಿಸಿದರು. ಮರುತಿಂಗಳೇ ಅಮೆಜಾನ್ ಆ ಶುಲ್ಕವನ್ನು ಕೈಬಿಟ್ಟಿತು. ಅವರ ಬಿಲ್ಲನ್ನೂ, ವಿಶೇಷ ಪ್ರಕರಣವೆಂದು ಹೇಳಿ, ಮನ್ನಾ ಮಾಡಿತು.

ಎಲ್ಲರಿಗೂ ಮನ್ನಾ ಸಿಗದು. ಹಾಗಾಗಿ ಬಿಲ್ಲಿನ ಮೇಲೆ ಕಾವಲು ಬೇಕು. ಬಹಳ ಜನ ತಿಂಗಳ ಬಜೆಟ್ ನಿಗದಿ ಮಾಡಿ, ಅದರ 80 ಶೇಕಡಾ ಮುಗಿದಾಗ ಇಮೇಲ್ ಬರುವಂತೆ ಮಾಡಿ ಸುಮ್ಮನಾಗುತ್ತಾರೆ. ಅದು ಸಾಲದು.

ದಿನಕ್ಕೆ 400 ರೂಪಾಯಿ ಖರ್ಚಾಗುವ ಪುಟ್ಟ ಅಂಗಡಿಯೊಂದರ ವೆಬ್‌ಸೈಟ್ ಇದೆಯೆನ್ನಿ. ಬಜೆಟ್ 12,000, ಎಚ್ಚರಿಕೆ ಬರುವುದು 9,600ಕ್ಕೆ. ನಾಲ್ಕನೇ ತಾರೀಕಿನಿಂದ ಯಾವುದೋ ದೋಷದಿಂದ ಖರ್ಚು ದಿನಕ್ಕೆ 1,600ಕ್ಕೆ ಏರಿತು. ಬಜೆಟ್ಟಿನ ಎಚ್ಚರಿಕೆ ಬರುವ ಹೊತ್ತಿಗೆ ಒಂಬತ್ತನೇ ತಾರೀಕು! ಹಿಂದಿನ ವಾರಗಳ ಅದೇ ವಾರದ ದಿನದೊಂದಿಗೆ ಹೋಲಿಸಿ ನೋಡುವ ವ್ಯವಸ್ಥೆಯಿದ್ದರೆ ಐದನೇ ತಾರೀಕಿಗೇ ‘ನಿನ್ನೆ ನಾಲ್ಕು ಪಟ್ಟಾಗಿದೆ’ ಎಂದು ಹೇಳುತ್ತಿತ್ತು. ವಾರದ ದಿನಕ್ಕೇ ಹೋಲಿಸಬೇಕು. ಭಾನುವಾರ ಗಿರಾಕಿಗಳು ಹೆಚ್ಚುವ ಅಂಗಡಿಗೆ ಪ್ರತಿ ಭಾನುವಾರ ಸುಳ್ಳು ಎಚ್ಚರಿಕೆ ಬಂದರೆ, ನಿಜವಾದುದನ್ನೂ ಯಾರೂ ತೆರೆದು ನೋಡುವುದಿಲ್ಲ. ಇದೇ ಕಾರಣಕ್ಕೆ ‘ಎರಡು ಪಟ್ಟಾದರೆ’ ಎಂಬ ಷರತ್ತಿಗೆ ‘ಮತ್ತು ಕನಿಷ್ಠ 500 ರೂಪಾಯಿ ಹೆಚ್ಚಿದ್ದರೆ’ ಎಂದು ಸೇರಿಸುವುದು ಒಳ್ಳೆಯದು. ಐದು ರೂಪಾಯಿ ಹತ್ತಾದದ್ದಕ್ಕೆ ಯಾರ ನಿದ್ದೆಯನ್ನೂ ಕೆಡಿಸಬೇಕಿಲ್ಲ.

ಇಂಥ ಹೋಲಿಕೆಯನ್ನು ಅಮೆಜಾನ್‌ನ ‘ಕಾಸ್ಟ್ ಅನಾಮಲಿ ಡಿಟೆಕ್ಷನ್’ ಹೆಚ್ಚುವರಿ ಶುಲ್ಕವಿಲ್ಲದೆ ಮಾಡಿಕೊಡುತ್ತದೆ. ಆದರೆ ಅದು ಓದುವುದು ಲೆಕ್ಕದ ಪುಸ್ತಕವನ್ನು, ಮೀಟರನ್ನಲ್ಲ. ಬಳಕೆಯಾದ ಹಣ ಆ ಪುಸ್ತಕಕ್ಕೆ ಏರಲು ಒಂದು ದಿನದವರೆಗೂ ಹಿಡಿಯಬಹುದು. ಬಕೆಟ್ಟಿನಂಥ ಅನಾಹುತಕ್ಕೆ ಅಷ್ಟು ಹೊತ್ತು ಸಾಕು. ಬೇಗ ತಿಳಿಯಬೇಕಾದರೆ ಹಣದ ಬದಲು ಕೋರಿಕೆಗಳ ಸಂಖ್ಯೆಯ ಮೇಲೆಯೇ ಎಚ್ಚರಿಕೆ ಇಡಬೇಕು. ಸಂಖ್ಯೆ ನಿಮಿಷಗಳಲ್ಲಿ ಕಾಣುತ್ತದೆ.

ಇನ್ನೊಂದು ಕೊರತೆಯೂ ಇದೆ. ಖರ್ಚು ದಿನಕ್ಕಿಷ್ಟು ಎಂದು ಮೆಲ್ಲಗೆ ಏರುತ್ತಿದ್ದರೆ, ಹೋಲಿಸುವ ವ್ಯವಸ್ಥೆ ಆ ಏರಿಕೆಯನ್ನೇ ಮಾಮೂಲು ಎಂದುಕೊಂಡುಬಿಡುತ್ತದೆ. ಅಳಿಸಲು ಮರೆತ ಹಳೆಯ ಬ್ಯಾಕಪ್ಪುಗಳು ಹೀಗೇ ಬೆಳೆಯುವುದು. ಅದನ್ನು ಹಿಡಿಯುವುದು ಮಾತ್ರ ಆ ಹಳೆಯ ಕಾವಲುಗಾರ, ತಿಂಗಳ ಬಜೆಟ್ಟು.